ಲೆನ್ಸ್ ಡಬ್ಬಿಗೆ ನಲ್ಲಿ ನೀರು

ಕಾಂಟ್ಯಾಕ್ಟ್ ಲೆನ್ಸ್ ತಪಾಸಣೆಗೆ ಬಂದವರಿಗೆ ನಾನು ಮೊದಲು ಹೇಳುವುದು, ಡಬ್ಬಿ ತೆಗೆದು ಮೇಜಿನ ಮೇಲಿಡಿ ಅಂತ. ಕಣ್ಣು ಆಮೇಲೆ ನೋಡುತ್ತೇನೆ. ಮುಚ್ಚಳದ ಒಳಸುತ್ತಿನಲ್ಲಿ ಬಿಳಿ ಕರೆ ಕಟ್ಟಿದ್ದರೆ ಡಬ್ಬಿಗೆ ಬೋರ್‌ವೆಲ್ ನೀರು ಬಿದ್ದಿರಬೇಕು ಎಂಬ ಅನುಮಾನ ಬರುತ್ತದೆ. ತಳ ಸವರಿದರೆ ಬೆರಳು ಜಾರುವಂತಿದ್ದರೆ ಅಲ್ಲಿ ಲೋಳೆ ಕೂತಿದೆ. ಆ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ. ಹೆಚ್ಚಿನವರು ತಮ್ಮ ಲೆನ್ಸನ್ನು ತುಂಬ ಜತನದಿಂದ ನೋಡಿಕೊಳ್ಳುತ್ತಾರೆ, ಎರಡು ಕಡೆ ತೊಳೆಯುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ. ಡಬ್ಬಿ ಯಾರ ಗಮನಕ್ಕೂ ಬರುವುದಿಲ್ಲ.

ನಾನು ಆಪ್ಟೋಮೆಟ್ರಿಸ್ಟ್. ಲೆನ್ಸ್ ಅಳತೆ ನೋಡಿ ಕೊಡುವುದು, ಹಾಕಲು ತೆಗೆಯಲು ಕಲಿಸುವುದು ನನ್ನ ದಿನದ ಕೆಲಸ. ಲೆನ್ಸ್ ಹಾಕುವವರು ಮಾಡುವ ತಪ್ಪುಗಳಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ಎರಡೇ: ಲೆನ್ಸ್ ಹಾಕಿಕೊಂಡೇ ಮಲಗುವುದು ಮತ್ತು ಲೆನ್ಸಿಗೋ ಡಬ್ಬಿಗೋ ನಲ್ಲಿ ನೀರು ತಾಗಿಸುವುದು. ಎರಡನ್ನೂ ಒಟ್ಟಿಗೆ ‘ಸ್ವಚ್ಛತೆ ಕಾಪಾಡಿ’ ಎಂಬ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ರೂಢಿ. ಆದರೆ ಇವೆರಡೂ ಬೇರೆ ಬೇರೆ ಜೀವಿಗಳಿಗೆ ಬಾಗಿಲು ತೆರೆಯುತ್ತವೆ, ಮತ್ತು ಆ ಜೀವಿಗಳ ವೇಗ ಬೇರೆ. ಒಂದು ಜೀವಿ ರಾತ್ರಿ ಬೆಳಗಾಗುವುದರೊಳಗೆ ಕೆಲಸ ಮುಗಿಸಬಲ್ಲದು. ಇನ್ನೊಂದು ವಾರಗಟ್ಟಲೆ ಬೇರೆ ಕಾಯಿಲೆಯ ವೇಷದಲ್ಲಿ ಇರುತ್ತದೆ. ಈ ವ್ಯತ್ಯಾಸ ಗೊತ್ತಿದ್ದವರು ಕಣ್ಣು ಕೆಂಪಾದಾಗ ಸರಿಯಾದ ಹೆಜ್ಜೆ ಇಡುತ್ತಾರೆ ಎಂಬುದು ನನ್ನ ಅನುಭವ.

ಮೊದಲು ನಿದ್ದೆಯ ವಿಷಯ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರೊಳಗೆ ರಕ್ತನಾಳಗಳಿಲ್ಲ. ಇದ್ದಿದ್ದರೆ ಅದು ಪಾರದರ್ಶಕ ಆಗಿರುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಹೊರಗಿನ ಗಾಳಿಯಿಂದ ಕಣ್ಣೀರಿನ ಮೂಲಕ ಬರಬೇಕು. ಕಣ್ಣು ಮುಚ್ಚಿದಾಗ ಗಾಳಿಯ ದಾರಿ ಬಂದ್. ಆಗ ರೆಪ್ಪೆಯ ಒಳಮೈಯ ರಕ್ತನಾಳಗಳಿಂದ ಸಿಗುವುದು ಹಗಲಿನ ಆಮ್ಲಜನಕದ ಮೂರನೇ ಒಂದು ಭಾಗದಷ್ಟು ಮಾತ್ರ. ಲೆನ್ಸ್ ಇಲ್ಲದವರ ಕಾರ್ನಿಯಾ ಕೂಡ ರಾತ್ರಿ ನಿದ್ದೆಯಲ್ಲಿ ಶೇಕಡಾ 3 ರಿಂದ 4ರಷ್ಟು ಊದಿಕೊಂಡು, ಬೆಳಗ್ಗೆ ಎದ್ದ ಮೇಲೆ ಇಳಿಯುತ್ತದೆ. ಹಳೆಯ ಕಾಲದ ಮೆತ್ತನೆ ಲೆನ್ಸ್ ಹಾಕಿ ಮಲಗಿದರೆ ಊತ ಅದರ ಎರಡು ಮೂರು ಪಟ್ಟು ಆಗುತ್ತಿತ್ತು.

ಹೀಗಾಗಿ ಎಲ್ಲರೂ ಆಮ್ಲಜನಕದ ಕೊರತೆಯೇ ಸೋಂಕಿಗೆ ಮೂಲ ಎಂದು ನಂಬಿದ್ದರು. 1984ರಲ್ಲಿ ಆಸ್ಟ್ರೇಲಿಯಾದ ಬ್ರಿಯನ್ ಹೋಲ್ಡನ್ ಮತ್ತು ಜಾರ್ಜ್ ಮರ್ಟ್ಜ್, ರಾತ್ರಿಯ ಊತ ಹೆಚ್ಚಾಗದಂತೆ ಇರಬೇಕಾದರೆ ಲೆನ್ಸ್ ಎಷ್ಟು ಆಮ್ಲಜನಕ ಬಿಡಬೇಕು ಎಂದು ಲೆಕ್ಕ ಕೊಟ್ಟರು. 1999ರ ಹೊತ್ತಿಗೆ ಆ ಲೆಕ್ಕವನ್ನು ಮುಟ್ಟುವ ಸಿಲಿಕಾನ್ ಹೈಡ್ರೋಜೆಲ್ ಲೆನ್ಸುಗಳು ಮಾರುಕಟ್ಟೆಗೆ ಬಂದವು. ಇನ್ನು ಲೆನ್ಸ್ ಹಾಕಿ ಮಲಗಿದರೂ ಚಿಂತೆಯಿಲ್ಲ ಎಂಬ ದೊಡ್ಡ ಆಸೆ ಇತ್ತು. ಊತ ನಿಜಕ್ಕೂ ಕಡಿಮೆಯಾಯಿತು. ಸೋಂಕು ಮಾತ್ರ ಕಡಿಮೆಯಾಗಲಿಲ್ಲ. 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಹಗಲು ಮಾತ್ರ ಮೆತ್ತನೆ ಲೆನ್ಸ್ ಹಾಕುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಕಾರ್ನಿಯಾ ಸೋಂಕು ಬಂದರೆ, ಹಾಕಿಕೊಂಡೇ ಮಲಗುವವರಲ್ಲಿ ಅದು 20ರಿಂದ 25 ಮಂದಿ. ಹೆಚ್ಚು ಆಮ್ಲಜನಕ ಬಿಡುವ ಹೊಸ ಲೆನ್ಸಿನಲ್ಲೂ ಅಷ್ಟೇ.

ಈ ಅಂಕಿಗಳನ್ನು ನಾನು ಹೇಳಿದಾಗ ಕೆಲವರು, ‘ಹತ್ತು ಸಾವಿರಕ್ಕೆ ಇಪ್ಪತ್ತೇ ತಾನೇ ಮೇಡಂ’ ಅನ್ನುತ್ತಾರೆ. ಹೌದು, ಒಂದು ವರ್ಷದ ಲೆಕ್ಕದಲ್ಲಿ ಚಿಕ್ಕ ಸಂಖ್ಯೆಯೇ. ಆದರೆ ಲೆನ್ಸ್ ಹಾಕುವವರು ಹದಿನೆಂಟಕ್ಕೆ ಶುರು ಮಾಡಿ ನಲವತ್ತರ ತನಕ ಹಾಕುತ್ತಾರೆ. ಪ್ರತಿ ವರ್ಷವೂ ಆ ಅಪಾಯ ಹೊಸದಾಗಿ ಬರುತ್ತದೆ. ಮತ್ತೆ, ಕನ್ನಡಕ ಹಾಕಿದ್ದರೆ ಈ ಸೋಂಕಿನ ಮಾತೇ ಇರುತ್ತಿರಲಿಲ್ಲ. ದೃಷ್ಟಿ ಚೆನ್ನಾಗಿರಲಿ ಅಂತ ಹಾಕಿಕೊಂಡ ವಸ್ತುವಿನಿಂದ ದೃಷ್ಟಿ ಹೋಗುವುದು ನನಗೆ ಸಹಿಸಲಾಗದ ಸಂಗತಿ.

ಆಮ್ಲಜನಕ ಸಾಕಷ್ಟಿದ್ದರೂ ಸೋಂಕು ಯಾಕೆ ಬರುತ್ತದೆ? ಎಚ್ಚರವಿದ್ದಾಗ ನಾವು ರೆಪ್ಪೆ ಬಡಿಯುತ್ತಲೇ ಇರುತ್ತೇವೆ. ಪ್ರತಿ ಬಡಿತಕ್ಕೂ ಕಣ್ಣೀರು ಹರಡಿ, ಕಸ ಮತ್ತು ಬ್ಯಾಕ್ಟೀರಿಯಾಗಳನ್ನು ಮೂಗಿನ ಕಡೆಗೆ ಸಾಗಿಸುತ್ತದೆ. ನಿದ್ದೆಯಲ್ಲಿ ಬಡಿತವಿಲ್ಲ, ಹೊಸ ಕಣ್ಣೀರು ಬಹುತೇಕ ನಿಲ್ಲುತ್ತದೆ. ಲೆನ್ಸಿನ ಅಡಿಯಲ್ಲಿ ಸಿಕ್ಕಿಕೊಂಡ ತೆಳು ಕಣ್ಣೀರು ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಲೆನ್ಸಿಗೆ ಅಂಟಿದ್ದ ಬ್ಯಾಕ್ಟೀರಿಯಾಗಳಿಗೆ ಬೆಚ್ಚಗಿನ, ಅಲುಗಾಡದ ಜಾಗ ಸಿಗುತ್ತದೆ, ಎದುರಿಗೆ ದಣಿದ ಕಾರ್ನಿಯಾ ಇರುತ್ತದೆ. ಇಂಥ ಜಾಗವನ್ನು ಎಲ್ಲಕ್ಕಿಂತ ಚೆನ್ನಾಗಿ ಬಳಸಿಕೊಳ್ಳುವುದು ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ. ಸಿಂಕು, ನಲ್ಲಿ, ಒದ್ದೆ ಡಬ್ಬಿ ಎಲ್ಲಿ ತೇವ ಇದೆಯೋ ಅಲ್ಲಿ ಅದು ಬದುಕುತ್ತದೆ. ಅದು ಬಿಡುವ ಕಿಣ್ವಗಳು ಕಾರ್ನಿಯಾವನ್ನು ಕರಗಿಸುತ್ತವೆ. ಬೆಳಗ್ಗೆ ಕಣ್ಣಲ್ಲಿ ಚುಚ್ಚಿದಂತಾಗುವುದು, ಮಧ್ಯಾಹ್ನಕ್ಕೆ ಹಳದಿ-ಹಸಿರು ಪಿಸಿರು, ಸಂಜೆಗೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಮರುದಿನಕ್ಕೆ ಅದು ಹುಣ್ಣಾಗಿ ಹರಡುವುದು, ಇಷ್ಟು ವೇಗ. ಚಿಕಿತ್ಸೆ ಸಿಗದಿದ್ದರೆ ಕೆಲವು ಕಣ್ಣುಗಳಲ್ಲಿ ಎರಡು ಮೂರು ದಿನಕ್ಕೆ ಕಾರ್ನಿಯಾ ತೂತಾಗುತ್ತದೆ.

ನಮ್ಮ ಊರುಗಳಲ್ಲಿ ಲೆನ್ಸ್ ಹಾಕಿ ಮಲಗುವವರು ಬಹಳ ಮಂದಿ ಉದ್ದೇಶಪಟ್ಟು ಮಲಗುವವರಲ್ಲ. ರಾತ್ರಿ ಹತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ ಹುಬ್ಬಳ್ಳಿಗೋ ಮಂಗಳೂರಿಗೋ ಸ್ಲೀಪರ್ ಬಸ್ ಹತ್ತುತ್ತಾರೆ. ಕೈ ತೊಳೆಯಲು ಜಾಗವಿಲ್ಲ, ಬಸ್ಸಿನ ಬೆಳಕು ಆರುತ್ತದೆ, ‘ಒಂದು ರಾತ್ರಿ ತಾನೇ’ ಅಂತ ಹಾಗೇ ಮಲಗುತ್ತಾರೆ. ರಾತ್ರಿ ಪಾಳಿ ಮುಗಿಸಿ ಕ್ಯಾಬಿನಲ್ಲಿ ತೂಕಡಿಸುವವರದ್ದೂ ಇದೇ ಕಥೆ. ಅಂಥವರಿಗೆ ನಾನು ಹೇಳುವುದು ಇಷ್ಟು: ಬಸ್ ನಿಲ್ದಾಣಕ್ಕೆ ಹೊರಡುವ ಮೊದಲೇ, ಮನೆಯಲ್ಲೇ, ಲೆನ್ಸ್ ತೆಗೆದು ಕನ್ನಡಕ ಹಾಕಿಕೊಂಡು ಹೊರಡಿ. ಹಳೆಯ ಕನ್ನಡಕದ ನಂಬರ್ ಸರಿಯಿಲ್ಲ ಅಂದರೆ ಹೊಸದು ಮಾಡಿಸಿ. ನಂಬರ್ ಸರಿಯಿರುವ ಕನ್ನಡಕ ಇಲ್ಲದವರಿಗೆ ಲೆನ್ಸ್ ಕೊಡಲು ನಾನು ಒಪ್ಪುವುದೇ ಇಲ್ಲ. ಕನ್ನಡಕ ಇಲ್ಲದವರು ಕಣ್ಣು ನೋಯುವಾಗಲೂ ಲೆನ್ಸ್ ಹಾಕಿಕೊಳ್ಳುತ್ತಾರೆ.

ಇಂಥ ಕೆಂಪು ಕಣ್ಣಿಗೆ ಮನೆಯಲ್ಲಿ ಹತ್ತಿಯಿಟ್ಟು ಪಟ್ಟಿ ಕಟ್ಟುವುದನ್ನು ನೋಡಿದ್ದೇನೆ. ಬೆಳಕು ತಾಗದಿರಲಿ ಅನ್ನುವ ಕಾಳಜಿ ಅದು. ಆದರೆ ಪಟ್ಟಿ ಕಟ್ಟಿದ ಕಣ್ಣು ಮತ್ತೆ ನಿದ್ದೆಯ ಕಣ್ಣೇ ಆಗುತ್ತದೆ. ಬೆಚ್ಚಗೆ, ಗಾಳಿಯಿಲ್ಲದೆ, ಬಡಿತವಿಲ್ಲದೆ. ಲೆನ್ಸ್ ಹಾಕುವವರ ಕಣ್ಣು ನೋಯುತ್ತಿದ್ದರೆ ಪಟ್ಟಿ ಕಟ್ಟಲೇಬಾರದು. ತಂಪು ಕನ್ನಡಕ ಹಾಕಿಕೊಂಡು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಈಗ ನೀರು. ಇದನ್ನು ನಂಬಿಸುವುದು ನಿದ್ದೆಗಿಂತ ಕಷ್ಟ. ಕುಡಿಯುವ ನೀರಿನಲ್ಲಿ ಮುಖ ತೊಳೆಯುತ್ತೇವೆ, ಕಣ್ಣಿಗೂ ಎರಚಿಕೊಳ್ಳುತ್ತೇವೆ, ಅದರಿಂದ ಡಬ್ಬಿ ತೊಳೆದರೆ ಏನಾಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ನೀರಿನಲ್ಲಿ, ಮಣ್ಣಿನಲ್ಲಿ, ಧೂಳಿನಲ್ಲಿ ಅಕಾಂಥಮೀಬಾ ಎಂಬ ಏಕಕೋಶ ಜೀವಿ ಇದೆ. ಅದು ಎಲ್ಲ ಕಡೆ ಇದೆ ಅಂದರೂ ತಪ್ಪಾಗದು. ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುತ್ತದೆ. ಪರಿಸ್ಥಿತಿ ಕೆಟ್ಟಾಗ, ಊಟ ಸಿಗದಾಗ, ಒಣಗಿದಾಗ, ಔಷಧ ಬಿದ್ದಾಗ ಅದು ಎರಡು ಪದರದ ಗಟ್ಟಿ ಕೋಶವಾಗಿ ಮುದುಡಿಕೊಳ್ಳುತ್ತದೆ. ಬತ್ತಿದ ಕೆರೆಯ ಮಣ್ಣಿನಲ್ಲಿ ಮಳೆಗೆ ಕಾಯುವ ಬೀಜದ ಹಾಗೆ ಆ ಸ್ಥಿತಿಯಲ್ಲಿ ವರ್ಷಗಟ್ಟಲೆ ಇದ್ದು, ಅನುಕೂಲ ಆದಾಗ ಮತ್ತೆ ಒಡೆದು ಹೊರಬರುತ್ತದೆ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಆ ಕೋಶಕ್ಕೆ ಏನೂ ಮಾಡಲಾರದು. ನಮ್ಮ ಮನೆಗಳಲ್ಲಂತೂ ಕಾವೇರಿ ನೀರೋ ಬೋರ್ ನೀರೋ ಮೊದಲು ಸಂಪಿಗೆ ಬೀಳುತ್ತದೆ, ಅಲ್ಲಿಂದ ಮೋಟಾರಿನಲ್ಲಿ ಮೇಲಿನ ಟ್ಯಾಂಕಿಗೆ ಹೋಗುತ್ತದೆ, ಆಮೇಲೆ ನಲ್ಲಿಗೆ. ನಿಂತ ನೀರು, ತಳದ ಕೆಸರು, ಪೈಪಿನ ಒಳಗೋಡೆಯ ಲೋಳೆ, ಇವೆಲ್ಲ ಅಮೀಬಾಕ್ಕೆ ಊಟದ ಜಾಗ. ಬ್ರಿಟನ್ನಿನಲ್ಲಿ ಈ ಕಾಯಿಲೆ ಬೇರೆ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚಾಗಿ ಕಂಡಾಗ ತಜ್ಞರು ಬೆರಳು ಮಾಡಿದ್ದು ಅಲ್ಲಿನ ಮನೆಗಳ ಮೇಲಿರುವ ನೀರಿನ ಟ್ಯಾಂಕಿನ ಕಡೆಗೇ.

ಫಿಲ್ಟರ್ ನೀರು ಬಳಸುತ್ತೇವೆ ಅನ್ನುವವರೂ ಇದ್ದಾರೆ. ಫಿಲ್ಟರಿನ ಟ್ಯಾಂಕ್ ಮತ್ತು ಅದರ ಪುಟ್ಟ ನಲ್ಲಿಯಲ್ಲೂ ಲೋಳೆ ಕೂರುತ್ತದೆ, ಬಾಟಲಿ ನೀರು ಕ್ರಿಮಿರಹಿತ ಅಲ್ಲ, ಕಾಯಿಸಿ ಆರಿಸಿದ ನೀರು ಆರುವ ಹೊತ್ತಿನಲ್ಲಿ ಮತ್ತೆ ಕೆಡುತ್ತದೆ. ಕುಡಿಯಲು ಅವೆಲ್ಲ ಸರಿ. ಮನೆಯಲ್ಲಿ ಉಪ್ಪು ನೀರು ಮಾಡಿಕೊಳ್ಳುವುದಂತೂ ಬೇಡವೇ ಬೇಡ. 1980ರ ದಶಕದ ನಡುವೆ ಅಮೆರಿಕದಲ್ಲಿ ಈ ಅಮೀಬಾ ಸೋಂಕು ಒಮ್ಮೆಲೇ ಹೆಚ್ಚಿದಾಗ ತನಿಖೆಯಲ್ಲಿ ಸಿಕ್ಕ ಮುಖ್ಯ ಕಾರಣಗಳಲ್ಲೊಂದು, ಉಪ್ಪಿನ ಮಾತ್ರೆಯನ್ನು ಡಿಸ್ಟಿಲ್ಡ್ ನೀರಿಗೆ ಹಾಕಿ ಜನ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ ಲೆನ್ಸ್ ದ್ರಾವಣ.

ಮುಖ ತೊಳೆದಾಗ ಆಗದ್ದು ಲೆನ್ಸಿನಿಂದ ಯಾಕೆ ಆಗುತ್ತದೆ ಎಂಬುದಕ್ಕೆ ಉತ್ತರ ಲೆನ್ಸಿನ ಗುಣದಲ್ಲೇ ಇದೆ. ಮುಖಕ್ಕೆ ಎರಚಿದ ನೀರು ಕ್ಷಣದಲ್ಲಿ ಹರಿದುಹೋಗುತ್ತದೆ, ಗಾಯವಿಲ್ಲದ ಕಾರ್ನಿಯಾಕ್ಕೆ ಅಮೀಬಾ ಸುಲಭಕ್ಕೆ ಅಂಟುವುದಿಲ್ಲ. ಲೆನ್ಸಿಗಾದರೆ ಅದು ಅಂಟುತ್ತದೆ, ಮತ್ತು ಆ ಲೆನ್ಸ್ ಅದನ್ನು ಕಾರ್ನಿಯಾಕ್ಕೆ ಒತ್ತಿ ಹತ್ತು ಹನ್ನೆರಡು ಗಂಟೆ ಹಿಡಿದಿಡುತ್ತದೆ. ನಲ್ಲಿ ನೀರಿನಲ್ಲಿ ಕಣ್ಣೀರಿನಷ್ಟು ಉಪ್ಪಿನಂಶ ಇಲ್ಲವಾದ್ದರಿಂದ ಮೆತ್ತನೆ ಲೆನ್ಸ್ ನೀರು ಹೀರಿ ಆಕಾರ ಕೆಡುತ್ತದೆ, ಕಣ್ಣಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ತೆಗೆಯುವಾಗ ಮೇಲ್ಪದರ ಸಣ್ಣಗೆ ಕೆರೆದುಬರುತ್ತದೆ. ಆ ಗೀರೇ ಅಮೀಬಾಕ್ಕೆ ದಾರಿ.

ನಮ್ಮ ದೇಶದ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾಶ್ಚಾತ್ಯ ದೇಶಗಳಲ್ಲಿ ಈ ಅಮೀಬಾ ಸೋಂಕು ಬರುವವರಲ್ಲಿ ಹೆಚ್ಚಿನವರು ಲೆನ್ಸ್ ಹಾಕುವವರು. ಭಾರತದಲ್ಲಿ ಹೆಚ್ಚಿನವರು ಲೆನ್ಸ್ ಕಂಡೇ ಇಲ್ಲದ ರೈತರು, ಕೂಲಿಕಾರರು: ಕಣ್ಣಿಗೆ ಭತ್ತದ ಎಲೆಯೋ ಕಡ್ಡಿಯೋ ತಾಗಿ, ಗದ್ದೆಯ ನೀರಿನಲ್ಲಿ ಕಣ್ಣು ತೊಳೆದವರು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೈದ್ಯರು ಇದನ್ನು ಚೆನ್ನಾಗಿ ದಾಖಲಿಸಿದ್ದಾರೆ. ಅಂದರೆ ಗೀರು ಮತ್ತು ನೀರು ಎರಡೂ ಸೇರಿದರೆ ಸಾಕು, ಲೆನ್ಸ್ ಹಾಕುವವರು ಅವೆರಡನ್ನೂ ದಿನವೂ ಸೇರಿಸುವ ಸ್ಥಿತಿಯಲ್ಲಿರುತ್ತಾರೆ.

ಒಬ್ಬ ವಿದ್ಯಾರ್ಥಿನಿಯ ವಿಷಯ ಹೇಳುತ್ತೇನೆ. ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ. ಪಿಜಿಯಲ್ಲಿದ್ದು ಓದುತ್ತಿದ್ದಳು, ತಿಂಗಳ ಲೆನ್ಸ್ ಹಾಕುತ್ತಿದ್ದಳು. ರಾತ್ರಿ ತಪ್ಪದೆ ತೆಗೆಯುತ್ತಿದ್ದಳು, ಕೈ ಸೋಪಿನಲ್ಲಿ ತೊಳೆಯುತ್ತಿದ್ದಳು. ನಮ್ಮ ಬಳಿ ಬಂದಾಗ ಬಲಗಣ್ಣು ತೆರೆಯಲಾಗುತ್ತಿರಲಿಲ್ಲ.

ನಡೆದದ್ದು ಹೀಗೆ. ಮೊದಲು ಕಣ್ಣು ಸ್ವಲ್ಪ ಕೆಂಪಾಗಿ, ಮರಳು ಬಿದ್ದಂತೆ ಆಗುತ್ತಿತ್ತು. ಪಕ್ಕದ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಡ್ರಾಪ್ಸ್ ತಂದಳು. ಅದು ಆಂಟಿಬಯೋಟಿಕ್ ಮತ್ತು ಸ್ಟಿರಾಯ್ಡ್ ಎರಡೂ ಸೇರಿದ್ದು. ಎರಡು ದಿನಕ್ಕೆ ಕೆಂಪು ಇಳಿಯಿತು. ವಾಸಿಯಾಯಿತು ಎಂದು ಮತ್ತೆ ಲೆನ್ಸ್ ಹಾಕಿದಳು. ಸ್ಟಿರಾಯ್ಡ್ ಉರಿಯನ್ನು ಮಾತ್ರ ಅಡಗಿಸುತ್ತದೆ, ಅಮೀಬಾವನ್ನು ಕೊಲ್ಲುವುದಿಲ್ಲ, ದೇಹದ ತಡೆಯನ್ನು ತಗ್ಗಿಸಿ ಅದಕ್ಕೆ ಒಳಗಿಳಿಯಲು ಅನುವು ಮಾಡಿಕೊಡುತ್ತದೆ. ಮುಂದಿನ ವಾರ ನೋವು ಹೆಚ್ಚಿತು, ಬೆಳಕು ನೋಡಲು ಆಗಲಿಲ್ಲ. ಒಬ್ಬ ವೈದ್ಯರಿಗೆ ತೋರಿಸಿದಳು. ಕಾರ್ನಿಯಾದ ಮೇಲೆ ಕವಲೊಡೆದ ಗೆರೆಯಂಥ ಗುರುತು ಕಂಡು, ಹರ್ಪಿಸ್ ವೈರಸ್ ಸೋಂಕು ಎಂದು ಅದಕ್ಕೆ ಔಷಧ ಶುರುವಾಯಿತು. ಅವರನ್ನು ದೂರಲು ಮನಸ್ಸು ಬರುವುದಿಲ್ಲ. ಶುರುವಿನ ಹಂತದಲ್ಲಿ ಈ ಅಮೀಬಾ ಸೋಂಕು ಹರ್ಪಿಸ್‌ನಂತೆಯೇ ಕಾಣುತ್ತದೆ, ಜಗತ್ತಿನ ಎಲ್ಲ ಕಡೆ ಈ ಗೊಂದಲ ಆಗುತ್ತದೆ.

ವ್ಯತ್ಯಾಸ ಹೇಳಿಕೊಟ್ಟದ್ದು ನೋವು. ಹರ್ಪಿಸ್‌ನಲ್ಲಿ ಕಾರ್ನಿಯಾದ ಸ್ಪರ್ಶ ಕಡಿಮೆಯಾಗುತ್ತದೆ. ಇವಳಿಗೋ, ಕಣ್ಣಿನಲ್ಲಿ ಕಾಣುವ ಗಾಯಕ್ಕೂ ಅವಳು ಅನುಭವಿಸುವ ನೋವಿಗೂ ಅಳತೆಯೇ ಇರಲಿಲ್ಲ. ರಾತ್ರಿ ನಿದ್ದೆಯಿಲ್ಲ, ತಲೆಯ ಅರ್ಧ ಭಾಗ ಸಿಡಿಯುತ್ತಿತ್ತು. ಅಮೀಬಾ ಕಾರ್ನಿಯಾದ ನರಗಳ ಉದ್ದಕ್ಕೂ ಸಾಗುವುದರಿಂದ ಹೀಗಾಗುತ್ತದೆ. ನಾನು ಲೆನ್ಸ್ ಬಗ್ಗೆ ಕೇಳಿದೆ. ‘ನಲ್ಲಿ ನೀರು ಮುಟ್ಟಿಸೋದೇ ಇಲ್ಲ ಮೇಡಂ, ಸಲ್ಯೂಷನ್‌ನಲ್ಲೇ ತೊಳೀತೀನಿ’ ಅಂದಳು. ‘ಡಬ್ಬಿ?’ ಅಂದೆ. ‘ಡಬ್ಬಿ ದಿನಾ ಬೆಳಗ್ಗೆ ನಲ್ಲಿ ಕೆಳಗೆ ಹಿಡಿದು ತೊಳೆದು ಮುಚ್ಚಿಡ್ತೀನಿ, ಧೂಳು ಬೀಳಬಾರದು ಅಂತ.’ ತೊಳೆದು, ಒದ್ದೆಯಲ್ಲೇ ಮುಚ್ಚಳ ಹಾಕಿ, ಕತ್ತಲ ಬಾತ್‌ರೂಮಿನಲ್ಲಿ. ಸಲ್ಯೂಷನ್ ಉಳಿಸಲು ಕೆಲವು ದಿನ ಹಳೆಯದರ ಮೇಲೇ ಒಂದಿಷ್ಟು ಸುರಿಯುತ್ತಿದ್ದಳಂತೆ.

ನಮ್ಮಲ್ಲಿನ ವೈದ್ಯರು ಕಾರ್ನಿಯಾದ ಮೇಲ್ಮೈಯಿಂದ ಸಣ್ಣ ಕೆರೆತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಸೂಕ್ಷ್ಮದರ್ಶಕದಡಿ ಎರಡು ಪದರದ ಕೋಶಗಳು ಕಂಡವು. ಕಲ್ಚರ್, ಅಂದರೆ ಮಾದರಿಯಲ್ಲಿನ ಜೀವಿಯನ್ನು ಬೆಳೆಸಿ ನೋಡುವ ವಿಧಾನ ಕುತೂಹಲದ್ದು: ಪೋಷಕಾಂಶ ಇಲ್ಲದ ಅಗರ್ ತಟ್ಟೆಯ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾ ಹರಡಿ, ಅದರ ಮೇಲೆ ಮಾದರಿ ಇಡುತ್ತಾರೆ. ಅಮೀಬಾ ಇದ್ದರೆ ಬ್ಯಾಕ್ಟೀರಿಯಾವನ್ನು ತಿನ್ನುತ್ತ ಸಾಗಿದ ಜಾಡು ತಟ್ಟೆಯ ಮೇಲೆ ಕಾಣುತ್ತದೆ. ಅವಳ ಕಣ್ಣಿನ ಮಾದರಿಯಲ್ಲೂ ಡಬ್ಬಿಯ ಮಾದರಿಯಲ್ಲೂ ಜಾಡು ಬಂತು.

ಔಷಧ ಪಿಎಚ್‌ಎಂಬಿ ಎಂಬ ಡ್ರಾಪ್ಸ್, 0.02 ಶೇಕಡಾ ಸಾಂದ್ರತೆ. ಹಲವು ಕಡೆ ಅದನ್ನು ಆಸ್ಪತ್ರೆಯಲ್ಲೇ ತಯಾರಿಸಿ ಕೊಡುತ್ತಾರೆ. ಮೊದಲ ಎರಡು ದಿನ ಹಗಲೂ ರಾತ್ರಿಯೂ ಗಂಟೆಗೊಮ್ಮೆ. ಊರಿಂದ ಬಂದ ಅವಳ ತಾಯಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಹಾಕುತ್ತಿದ್ದರು. ಆಮೇಲೆ ಎಚ್ಚರವಿದ್ದಷ್ಟು ಹೊತ್ತು ಗಂಟೆಗೊಮ್ಮೆ, ನಂತರ ನಿಧಾನಕ್ಕೆ ಕಡಿಮೆ. ಓಡಾಡುವ ಅಮೀಬಾ ಬೇಗ ಸಾಯುತ್ತದೆ, ಕೋಶದೊಳಗಿನದು ಸಾಯುವುದಿಲ್ಲ, ಅದು ಒಡೆದು ಹೊರಬಂದಾಗಲೆಲ್ಲ ಔಷಧ ಕಣ್ಣಲ್ಲಿರಬೇಕು. ಆದ್ದರಿಂದ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಅವಳ ಕಣ್ಣು ಉಳಿಯಿತು, ನಡುವೆ ಒಂದು ಮಸುಕು ಕಲೆಯೊಂದಿಗೆ. ಆ ವರ್ಷದ ಪರೀಕ್ಷೆ ತಪ್ಪಿತು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ಸಲ್ಯೂಷನ್ ಇದ್ದೂ ಅಮೀಬಾ ಹೇಗೆ ಬದುಕಿತು ಅಂತ. ಲೆನ್ಸ್ ಸಲ್ಯೂಷನ್‌ಗಳಿಗೆ ಇರುವ ಅಂತಾರಾಷ್ಟ್ರೀಯ ಸೋಂಕುನಿವಾರಣೆ ಮಾನದಂಡದಲ್ಲಿ ಐದು ಜೀವಿಗಳ ಮೇಲೆ ಪರೀಕ್ಷೆ ಮಾಡಬೇಕು: ಮೂರು ಬ್ಯಾಕ್ಟೀರಿಯಾ, ಎರಡು ಶಿಲೀಂಧ್ರ. ಅಕಾಂಥಮೀಬಾ ಆ ಪಟ್ಟಿಯಲ್ಲಿಲ್ಲ. ಸ್ವಾರಸ್ಯವೆಂದರೆ ಅವಳಿಗೆ ಔಷಧವಾಗಿ ಕೊಟ್ಟ ಪಿಎಚ್‌ಎಂಬಿ ಎಷ್ಟೋ ಸಲ್ಯೂಷನ್‌ಗಳಲ್ಲೂ ಇರುತ್ತದೆ, ಆದರೆ 0.0001 ಶೇಕಡಾ ಮಾತ್ರ, ಅಂದರೆ ಔಷಧದ ಇನ್ನೂರರಲ್ಲಿ ಒಂದು ಪಾಲು. ಅದಕ್ಕಿಂತ ಹೆಚ್ಚು ಹಾಕಿದರೆ ದಿನವೂ ತಾಗುವ ಕಣ್ಣಿಗೆ ಉರಿ. ಆ ಕಡಿಮೆ ಸಾಂದ್ರತೆಯೂ ಹಳೆ ದ್ರಾವಣದ ಮೇಲೆ ಹೊಸದು ಸುರಿದಾಗ ಇನ್ನೂ ಇಳಿಯುತ್ತದೆ. ರಾತ್ರಿಯಿಡೀ ಕೆಲಸ ಮಾಡಿ ದಣಿದ ದ್ರಾವಣ ಅದು. ಸಲ್ಯೂಷನ್ ಮಾಡುವುದು ಶುದ್ಧ ಕೈ, ಒಣ ಡಬ್ಬಿ, ಉಜ್ಜಿದ ಲೆನ್ಸ್ ಇವು ಮಾಡಿ ಉಳಿದ ಕೆಲಸವನ್ನು ಮಾತ್ರ.

ಉಜ್ಜುವುದರ ಬಗ್ಗೆ ನನಗೆ ಹಟವೇ ಇದೆ. ‘ಉಜ್ಜಬೇಕಿಲ್ಲ’ ಎಂದು ಬರೆದ ಬಾಟಲಿಗಳು ಒಂದು ಕಾಲದಲ್ಲಿ ಬಂದವು. ಬಾಟಲಿ ಏನೇ ಹೇಳಲಿ, ಕೈ ಸೋಪಿನಲ್ಲಿ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ, ಲೆನ್ಸನ್ನು ಅಂಗೈಯಲ್ಲಿಟ್ಟು ಸಲ್ಯೂಷನ್ ಹಾಕಿ ಬೆರಳಿನಿಂದ ಎರಡೂ ಕಡೆ ಇಪ್ಪತ್ತು ಸೆಕೆಂಡಿನಷ್ಟು ಉಜ್ಜಿ, ಮತ್ತೆ ಸಲ್ಯೂಷನ್‌ನಲ್ಲೇ ತೊಳೆಯಿರಿ. ಕೈ ಒಣಗಿಸುವುದನ್ನು ಮರೆಯುವವರು ಬಹಳ. ಒದ್ದೆ ಬೆರಳ ತುದಿಯ ಹನಿಯೂ ನಲ್ಲಿ ನೀರೇ. ಬೆಳಗ್ಗೆ ಲೆನ್ಸ್ ಹಾಕಿಕೊಂಡ ತಕ್ಷಣ ಡಬ್ಬಿಯ ದ್ರಾವಣ ಪೂರ್ತಿ ಚೆಲ್ಲಿ, ಹೊಸ ಸಲ್ಯೂಷನ್ ಹಾಕಿ ಬೆರಳಲ್ಲಿ ಒಳಗೆ ಉಜ್ಜಿ, ಅದನ್ನೂ ಚೆಲ್ಲಿ, ಹೊಸ ಟಿಶ್ಯೂವಿನಿಂದ ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ ಒಣಗಲು ಬಿಡಿ. ಬಾತ್‌ರೂಮಿನ ಹೊರಗೆ. ಒಣಗಿದ ಮೇಲ್ಮೈಯಲ್ಲಿ ಲೋಳೆ ಬೆಳೆಯಲಾರದು, ಲೋಳೆ ಇಲ್ಲದ ಕಡೆ ಅಮೀಬಾಕ್ಕೆ ಊಟವಿಲ್ಲ. ಮೂರು ತಿಂಗಳಿಗೊಮ್ಮೆ ಡಬ್ಬಿ ಬಿಸಾಡಿ. ಹೊಸ ಸಲ್ಯೂಷನ್ ಬಾಟಲಿಯ ಜೊತೆ ಒಂದು ಡಬ್ಬಿ ಬಂದೇ ಬರುತ್ತದೆ, ಜನ ಅದನ್ನು ಕಪಾಟಿನಲ್ಲಿ ಕೂಡಿಡುತ್ತಾರೆ.

ಗಟ್ಟಿ ಲೆನ್ಸ್ ಹಾಕುವವರಿಗೆ, ಅದರಲ್ಲೂ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಇರುವ ಹುಡುಗ ಹುಡುಗಿಯರಿಗೆ, ಪ್ರತ್ಯೇಕವಾಗಿ ಹೇಳಬೇಕು. ಹಿಂದೆ ಈ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯಿರಿ ಎಂದೇ ನಮ್ಮ ವೃತ್ತಿಯವರು ಕಲಿಸುತ್ತಿದ್ದರು. ಗಟ್ಟಿ ಲೆನ್ಸ್ ನೀರು ಹೀರುವುದಿಲ್ಲ, ಹಾಗಾಗಿ ಪರವಾಗಿಲ್ಲ ಎಂಬ ತರ್ಕ. ಅದು ತಪ್ಪು ತರ್ಕ, ಅಮೀಬಾ ಲೆನ್ಸಿನ ಮೇಲ್ಮೈಗೇ ಅಂಟುತ್ತದೆ. ಹಳೆಯ ಸಲಹೆ ಕೇಳಿದವರು ಇಂದೇ ಬದಲಾಯಿಸಿಕೊಳ್ಳಿ.

ಸ್ನಾನ ಮಾಡುವಾಗ, ಈಜುವಾಗ ಲೆನ್ಸ್ ಬೇಡ. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯಲ್ಲಿ 2010-11ರ ನಂತರ ಈ ಅಮೀಬಾ ಸೋಂಕು ಸುಮಾರು ಮೂರು ಪಟ್ಟು ಏರಿದಾಗ ನಡೆಸಿದ ಅಧ್ಯಯನಗಳಲ್ಲಿ ಸರಿಯಾಗಿ ಕೈ ತೊಳೆದು ಒಣಗಿಸದಿರುವುದು, ಲೆನ್ಸ್ ಹಾಕಿ ಈಜುವುದು, ಲೆನ್ಸ್ ಹಾಕಿ ಶವರ್ ಸ್ನಾನ ಮಾಡುವುದು ಎಲ್ಲವೂ ಕಾರಣಗಳಾಗಿ ಸಿಕ್ಕಿದವು. ಅದೇ ತಂಡದ ನಂತರದ ಅಧ್ಯಯನದಲ್ಲಿ, ಮತ್ತೆ ಮತ್ತೆ ಬಳಸುವ ಲೆನ್ಸ್ ಹಾಕುವವರಿಗೆ ದಿನಕ್ಕೊಂದು ಲೆನ್ಸ್ ಹಾಕಿ ಬಿಸಾಡುವವರಿಗಿಂತ ಅಪಾಯ ಸುಮಾರು ನಾಲ್ಕು ಪಟ್ಟು ಕಂಡಿತು. ದಿನದ ಲೆನ್ಸಿಗೆ ಡಬ್ಬಿಯೇ ಇಲ್ಲವಲ್ಲ. ಬೆಲೆ ಹೆಚ್ಚು, ನಿಜ. ವಾರಕ್ಕೆ ಎರಡು ಮೂರು ದಿನ ಮಾತ್ರ ಹಾಕುವವರಿಗೆ ಸಲ್ಯೂಷನ್ ಖರ್ಚು ಕಳೆದರೆ ಅಷ್ಟೇನೂ ವ್ಯತ್ಯಾಸ ಬರುವುದಿಲ್ಲ, ಅಂಥವರಿಗೆ ನಾನು ಬೇರೆ ಲೆನ್ಸ್ ಸೂಚಿಸುವುದನ್ನೇ ಬಿಟ್ಟಿದ್ದೇನೆ. ಮದುವೆಗೆ ಮೇಕಪ್ ಮಾಡುವವರು ಹಾಕಿಸುವ ಬಣ್ಣದ ಲೆನ್ಸಿಗೂ ಇದೇ ನಿಯಮ: ಒಬ್ಬರ ಕಣ್ಣಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲ.

ಕಣ್ಣು ಕೆಂಪಾದ ದಿನ ಏನು ಮಾಡಬೇಕು? ಲೆನ್ಸ್ ತೆಗೆಯಿರಿ. ಕಣ್ಣಿನ ಮೇಲ್ಮೈ ಬರೀ ಒಣಗಿದ್ದರೆ ಅಥವಾ ಧೂಳು ಸಿಕ್ಕಿದ್ದರೆ ತೆಗೆದ ಸ್ವಲ್ಪ ಹೊತ್ತಿಗೆ ಹಾಯೆನಿಸುತ್ತದೆ. ತೆಗೆದ ಮೇಲೂ ನೋವು ಹೆಚ್ಚುತ್ತಿದ್ದರೆ, ಬೆಳಕು ಚುಚ್ಚುತ್ತಿದ್ದರೆ, ನೋಟ ಮಂಜಾಗಿದ್ದರೆ, ಕನ್ನಡಿಯಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಮಿಂಟೋ ಥರದ ಸರ್ಕಾರಿ ಕಣ್ಣಾಸ್ಪತ್ರೆಯಾದರೂ ಸರಿ, ಊರಿನ ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗವಾದರೂ ಸರಿ. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಬೇಡಿ, ಮನೆಯಲ್ಲಿ ಯಾರಿಗೋ ಕೊಟ್ಟಿದ್ದ ಹಳೆಯ ಬಾಟಲಿಯನ್ನಂತೂ ಮುಟ್ಟಬೇಡಿ. ಹಾಕಿಬಿಟ್ಟಿದ್ದರೆ ಆ ಬಾಟಲಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಮುಚ್ಚಿಡಬೇಡಿ. ಡಾಕ್ಟರು ಕೇಳದಿದ್ದರೂ ‘ನಾನು ಲೆನ್ಸ್ ಹಾಕುತ್ತೇನೆ’ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಮದ್ರಾಸ್ ಐ ಅಂತ ಬಂದ ಹತ್ತು ಜನರ ಸಾಲಿನಲ್ಲಿ ನಿಮ್ಮನ್ನು ಬೇರೆಯಾಗಿ ನೋಡುವಂತೆ ಮಾಡುವುದು ಆ ಒಂದು ಮಾತೇ.

ಇನ್ನೊಂದು. ಲೆನ್ಸ್, ಡಬ್ಬಿ, ಸಲ್ಯೂಷನ್ ಬಾಟಲಿ ಮೂರನ್ನೂ ಒಂದು ಶುಭ್ರ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಸೋಂಕು ಬಂತೆಂದು ಬೇಸರಪಟ್ಟು ಹೆಚ್ಚಿನವರು ಅವನ್ನು ಕಸಕ್ಕೆ ಹಾಕಿ ಬರುತ್ತಾರೆ, ಇಲ್ಲವೇ ಚೆನ್ನಾಗಿ ತೊಳೆದು ತರುತ್ತಾರೆ. ಕಣ್ಣಿನ ಕೆರೆತದಲ್ಲಿ ಏನೂ ಬೆಳೆಯದಿದ್ದಾಗ, ಈಗಾಗಲೇ ಡ್ರಾಪ್ಸ್ ಹಾಕಿದ ಕಣ್ಣಿನಲ್ಲಿ ಹಾಗೆ ಆಗುವುದು ಸಾಮಾನ್ಯ, ತೊಳೆಯದ ಆ ಡಬ್ಬಿಯ ತಳದ ಹನಿ ದ್ರಾವಣದಿಂದ ಸೋಂಕಿನ ಹೆಸರು ಗೊತ್ತಾಗಬಹುದು.